ನಿಲ್ಲಿಸಿದ ಪರದೆಯಲ್ಲಿ ಹಳೆಯ ಸ್ಲೈಡ್ ಯಾಕೆ ಕೂರುವುದಿಲ್ಲ?

ಪ್ರಶ್ನೆ: ನಮ್ಮದು ಚಿಕ್ಕ ನರ್ಸಿಂಗ್ ಹೋಮ್. 43 ಇಂಚಿನ ಎರಡು ಪರದೆಗಳನ್ನು ಉದ್ದುದ್ದ ನಿಲ್ಲಿಸಿ ಗೋಡೆಗೆ ಹಾಕಿಸಿದ್ದೇವೆ. ಒಂದು ರಿಸೆಪ್ಷನ್ ಎದುರು, ಇನ್ನೊಂದು ಲ್ಯಾಬಿಗೆ ಹೋಗುವ ಕಾರಿಡಾರಿನಲ್ಲಿ. ಅಡ್ಡ ಟಿವಿಗೆಂದು ಮಾಡಿದ್ದ ಪವರ್‌ಪಾಯಿಂಟ್ ಹಾಕಿದರೆ ನಡುವೆ ಪುಟ್ಟದಾಗಿ ಕಾಣುತ್ತದೆ. ಸ್ಲೈಡಿನ ಅಳತೆ ಬದಲಿಸಿದರೆ ಎಲ್ಲ ಚೆಲ್ಲಾಪಿಲ್ಲಿ. ಸರಿಯಾಗಿ ಮಾಡುವುದು ಹೇಗೆ?

ಉತ್ತರ: ಮೊದಲು ಟೇಪು ಹಿಡಿದು ನಿಮ್ಮ ಪರದೆಯ ಅಗಲ ಅಳೆಯಿರಿ. 43 ಇಂಚಿನದು ನಿಂತಾಗ ಎತ್ತರ ಸುಮಾರು 95 ಸೆಂಟಿಮೀಟರ್ ಬರುತ್ತದೆ, ಅಗಲ ಬರೀ 53 ಚಿಲ್ಲರೆ. ಅಡ್ಡ ಸ್ಲೈಡ್ ಈ 53ರೊಳಗೆ ತೂರಬೇಕಾದ್ದರಿಂದ ಅದರ ಎತ್ತರ 30 ಸೆಂಟಿಮೀಟರಿಗೆ ಇಳಿಯುತ್ತದೆ. ಪರದೆಯ ಮೂರನೇ ಒಂದು ಭಾಗವೂ ಬಳಕೆಯಾಗುವುದಿಲ್ಲ, ಉಳಿದದ್ದೆಲ್ಲ ಕಪ್ಪು. ಅಳತೆ ಬದಲಿಸುವಾಗ ಪವರ್‌ಪಾಯಿಂಟ್ ಕೇಳುವ `Maximize` ಒತ್ತಿದರೆ ಪಠ್ಯ ಅಂಚಿನಾಚೆ ಹೋಗುತ್ತದೆ, `Ensure Fit` ಒತ್ತಿದರೆ ಮತ್ತೆ ಅದೇ ಪುಟ್ಟ ಚಿತ್ರ. ಎರಡೂ ಬೇಡ. ಖಾಲಿ ಫೈಲಿನಿಂದ ಶುರು ಮಾಡಿ.

`Design > Slide Size > Custom Slide Size` ಗೆ ಹೋಗಿ ಅಗಲ 11.25 ಇಂಚು, ಎತ್ತರ 20 ಇಂಚು ಕೊಡಿ (ಸೆಂಟಿಮೀಟರ್ ಕೇಳಿದರೆ 28.575 ಮತ್ತು 50.8). ಇದೇ ಅಳತೆ ಯಾಕೆಂದರೆ, ಪವರ್‌ಪಾಯಿಂಟ್ ಸ್ಲೈಡನ್ನು ಚಿತ್ರವಾಗಿ ಉಳಿಸುವಾಗ ತಾನಾಗಿ ಇಂಚಿಗೆ 96 ಪಿಕ್ಸೆಲ್ ಲೆಕ್ಕ ಹಿಡಿಯುತ್ತದೆ. 11.25 ಇಂಚಿಗೆ 1080, 20 ಇಂಚಿಗೆ 1920, ಅಂದರೆ ಫುಲ್ ಎಚ್‌ಡಿ ಪರದೆ ಕೇಳುವಷ್ಟೇ. ಮಾಮೂಲಿ ಸ್ಲೈಡನ್ನೇ ತಿರುಗಿಸಿ 7.5 ಇಂಚು ಅಗಲ ಇಟ್ಟುಕೊಂಡರೆ 720 ಪಿಕ್ಸೆಲ್ಲಿನ ಚಿತ್ರ ಬರುತ್ತದೆ. ಗೋಡೆಯ ಮೇಲೆ ಅಕ್ಷರದ ಅಂಚು ಮಸುಕಾದಾಗ ಪರದೆಯೇ ಸರಿಯಿಲ್ಲ ಎಂದು ಅಂಗಡಿಯವರ ಜೊತೆ ಜಗಳವಾಡುವವರನ್ನು ಕಂಡಿದ್ದೇನೆ.

ಇಷ್ಟು ಸುಲಭದ ಭಾಗ. ಇನ್ನು ಅಕ್ಷರ ಎಷ್ಟು ದೊಡ್ಡದಿರಬೇಕು ಎನ್ನುವ ಮಾತು.

ಬೋರ್ಡ್ ಬರೆಯುವವರಲ್ಲಿ ಹಳೆಯದೊಂದು ಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ. ನಮ್ಮ ಭಾಷೆಯಲ್ಲಿ ಮೂರು ಮೀಟರಿಗೆ ಎರಡೂವರೆ ಸೆಂಟಿಮೀಟರ್. ರಿಸೆಪ್ಷನ್ನಿನ ಕೊನೇ ಸಾಲಿನ ಕುರ್ಚಿ ಪರದೆಯಿಂದ ಐದು ಮೀಟರ್ ದೂರ ಇದೆ ಎಂದುಕೊಳ್ಳಿ. ಅಲ್ಲಿಗೆ 4.2 ಸೆಂಟಿಮೀಟರ್ ಎತ್ತರದ ಅಕ್ಷರ ಬೇಕು. ನಿಮ್ಮ ಸ್ಲೈಡ್ 28.6 ಸೆಂಟಿಮೀಟರ್ ಅಗಲದ್ದು, ಗೋಡೆಯ ಮೇಲೆ ಅದು 53.5 ಆಗುತ್ತದೆ, ಅಂದರೆ 1.87 ಪಟ್ಟು ಹಿಗ್ಗುತ್ತದೆ. ಹಾಗಾಗಿ ಸ್ಲೈಡಿನಲ್ಲಿ ಅಕ್ಷರ ಸುಮಾರು 2.2 ಸೆಂಟಿಮೀಟರ್ ಇದ್ದರೆ ಸಾಕು. ಫಾಂಟಿನ ಪಾಯಿಂಟ್ ಸಂಖ್ಯೆ ನೋಡಿ ಇದನ್ನು ತೀರ್ಮಾನಿಸಬೇಡಿ. ಒಂದೇ ಸಂಖ್ಯೆಗೆ ಒಂದು ಕನ್ನಡ ಫಾಂಟ್ ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಕಾಣುತ್ತದೆ. ನಾನು ಮಾಡುವುದು ಇಷ್ಟೇ: 2.2 ಸೆಂಟಿಮೀಟರ್ ಎತ್ತರದ ಒಂದು ಚೌಕ ಬಿಡಿಸಿ, ಪಕ್ಕದಲ್ಲಿ ‘ಗ’ ಟೈಪ್ ಮಾಡಿ, ಎರಡೂ ಸಮ ಆಗುವವರೆಗೆ ಫಾಂಟ್ ಹಿಗ್ಗಿಸುತ್ತೇನೆ. ಗುಡಿಸು, ಒತ್ತು ಇಲ್ಲದ ಬೋಳು ಅಕ್ಷರವನ್ನೇ ಅಳತೆಗೆ ಹಿಡಿಯಬೇಕು. ಆಮೇಲೆ ಚೌಕ ಅಳಿಸಿಬಿಡಿ.

ಹೀಗೆ ಮಾಡಿದ ತಕ್ಷಣ ನಿಮಗೆ ಗಾಬರಿಯಾಗುತ್ತದೆ. ಬದಿಗಳಲ್ಲಿ ಎರಡೆರಡು ಸೆಂಟಿಮೀಟರ್ ಬಿಟ್ಟರೆ ಒಂದು ಸಾಲಿಗೆ ಒಂಬತ್ತೋ ಹತ್ತೋ ಅಕ್ಷರ ಹಿಡಿಯುತ್ತದೆ, ಅಷ್ಟೇ. ಇಂಗ್ಲಿಷಿನಲ್ಲಿ ಪದಗಳು ತುಂಡು ತುಂಡು, ಹೇಗೋ ಮುರಿದು ಜೋಡಿಸಬಹುದು. ಕನ್ನಡದಲ್ಲಿ ಪ್ರತ್ಯಯವೆಲ್ಲ ಪದಕ್ಕೇ ಅಂಟಿಕೊಂಡು ಬರುತ್ತದಲ್ಲ, ‘ತೆಗೆದುಕೊಂಡುಬರಬೇಕು’ ಎಂಬ ಒಂದೇ ಪದ ಸಾಲು ಪೂರ್ತಿ ನುಂಗುತ್ತದೆ. ಇನ್ನೊಂಚೂರು ಉದ್ದವಾದರೆ ಪವರ್‌ಪಾಯಿಂಟ್ ಅದನ್ನು ನಡುವೆಯೇ ಕತ್ತರಿಸಿ ‘ಬೇಕು’ ಮಾತ್ರ ಕೆಳಗೆ ನೇತುಹಾಕುತ್ತದೆ. ಆಗ ಎಲ್ಲರೂ ಮಾಡುವ ಕೆಲಸ ಫಾಂಟ್ ಕುಗ್ಗಿಸುವುದು. ಅಲ್ಲಿಗೆ ಐದು ಮೀಟರಿನ ಲೆಕ್ಕ ನೀರುಪಾಲು. ಕುಗ್ಗಿಸಬೇಕಾದ್ದು ಮಾತನ್ನು. ನಿಂತ ಪರದೆಯಲ್ಲಿ ಸ್ಲೈಡಿನ ಅತಿ ಉದ್ದದ ಪದವೇ ಅಕ್ಷರದ ಗಾತ್ರಕ್ಕೆ ಮಿತಿ ಹಾಕುತ್ತದೆ. ಮೊದಲು ಆ ಪದವನ್ನು ಹುಡುಕಿ ತೆಗೆಯಿರಿ.

ನಿಮ್ಮಲ್ಲೂ ಈ ಬಗೆಯ ಸ್ಲೈಡ್ ಒಂದಾದರೂ ಇರುತ್ತದೆ: ಮೇಲೆ ‘ರಕ್ತ ಪರೀಕ್ಷೆಗೆ ಬರುವವರ ಗಮನಕ್ಕೆ’, ಬಲಗಡೆ ಮೈಕ್ರೋಸ್ಕೋಪಿನ ಫೋಟೊ, ಎಡಗಡೆ ಐದು ಅಂಶ. ಅದರಲ್ಲೊಂದು, ‘ಸಕ್ಕರೆ ಅಂಶದ ಪರೀಕ್ಷೆಗೆ ಒಳಪಡುವವರು ಕನಿಷ್ಠ 8 ಗಂಟೆಗಳ ಕಾಲ ಆಹಾರ ಸೇವಿಸದೆ ಪ್ರಯೋಗಾಲಯಕ್ಕೆ ಬರತಕ್ಕದ್ದು.’ ಇದನ್ನು ಕೌಂಟರಿನ ಹುಡುಗಿ ರೋಗಿಗೆ ಹೇಗೆ ಹೇಳುತ್ತಾಳೆ? ‘ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಜ್ಜಿ, ಕಾಫಿನೂ ಕುಡೀಬೇಡಿ.’ ಸ್ಲೈಡಿಗೆ ಬೇಕಾದ ಭಾಷೆ ಆಗಲೇ ನಿಮ್ಮ ಕೌಂಟರಿನಲ್ಲಿದೆ. ನಿಂತ ಪರದೆಗೆ ನಾನು ಬರೆಯುವುದು ಹೀಗೆ:

ಶುಗರ್ ಟೆಸ್ಟಿಗೆ
ಖಾಲಿ ಹೊಟ್ಟೆಯಲ್ಲಿ
ಬನ್ನಿ

ರಾತ್ರಿ 10ರ ನಂತರ
ಊಟ, ಕಾಫಿ ಬೇಡ
ನೀರು ಕುಡಿಯಬಹುದು

ಬೆಳಿಗ್ಗೆ 7ರಿಂದ 10
ಲ್ಯಾಬ್, ಕೊಠಡಿ 12

ಎಂಟು ಸಾಲು. ಎಲ್ಲೂ ಹತ್ತು ಅಕ್ಷರ ಮೀರಿಲ್ಲ. ‘8 ಗಂಟೆಗಳ ಕಾಲ’ ಎನ್ನುವುದು ‘ರಾತ್ರಿ 10ರ ನಂತರ’ ಆಯಿತು, ಯಾಕೆಂದರೆ ಕುರ್ಚಿಯಲ್ಲಿ ಕೂತವರು ಲೆಕ್ಕ ಹಾಕುವ ಮನಸ್ಥಿತಿಯಲ್ಲಿ ಇರುವುದಿಲ್ಲ. ರಿಪೋರ್ಟ್ ಸಿಗುವ ಸಮಯ, ಚೀಟಿ ತರಬೇಕೆಂಬ ಮಾತು ಮುಂದಿನ ಸ್ಲೈಡಿಗೆ. ಮೈಕ್ರೋಸ್ಕೋಪಿಗೆ ವಿದಾಯ, ಅದು ಯಾರಿಗೂ ಏನನ್ನೂ ತಿಳಿಸುತ್ತಿರಲಿಲ್ಲ. ಇಂಗ್ಲಿಷ್ ಬೇಕಿದ್ದರೆ ಪ್ರತ್ಯೇಕ ಸ್ಲೈಡ್ ಮಾಡಿ. ಅಕ್ಕಪಕ್ಕ ಎರಡು ಕಂಬ ಮಾಡಿದರೆ ಎರಡೂ ಭಾಷೆ ಓದಲಾಗದಷ್ಟು ಚಿಕ್ಕದಾಗುತ್ತದೆ.

ಸಾಲುಗಳ ನಡುವಿನ ಅಂತರವನ್ನೂ ನೋಡಿಕೊಳ್ಳಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ದೂರದಿಂದ ಎರಡೂ ಸೇರಿ ಮುದ್ದೆಯಾಗುತ್ತದೆ. `Line Spacing` ನಲ್ಲಿ `Multiple` ಆರಿಸಿ 1.2 ಕೊಟ್ಟು ನೋಡಿ, ‘ಹೊಟ್ಟೆಯಲ್ಲಿ’ ಕೆಳಗಿನ ‘ಬನ್ನಿ’ಗೆ ತಾಗದಷ್ಟು ಇದ್ದರೆ ಸರಿ.

ಇನ್ನು ಮುಖ್ಯ ಸಾಲು ಎಲ್ಲಿರಬೇಕು? ಪರದೆಯ ನಡುಭಾಗ ನೆಲದಿಂದ 150 ಸೆಂಟಿಮೀಟರಿನಲ್ಲಿದ್ದರೆ ಕೆಳ ಅಂಚು ಸುಮಾರು 102ರಲ್ಲಿ ಇರುತ್ತದೆ. ಅದು ನಿಂತವರ ಸೊಂಟದ ಮಟ್ಟ. ರಿಸೆಪ್ಷನ್ ಮುಂದೆ ನಾಲ್ಕು ಜನ ನಿಂತರೆ ಕೂತವರಿಗೆ ಕೆಳಗಿನ ಮೂರನೇ ಒಂದು ಭಾಗ ಕಾಣುವುದೇ ಇಲ್ಲ. ಅಡ್ಡ ಸ್ಲೈಡಿನಲ್ಲಿ ಫೋನ್ ನಂಬರನ್ನು ಕೆಳಗೆ ಹಾಕುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಕೆಳಗೆ ಬಣ್ಣದ ಪಟ್ಟಿ, ಲೋಗೊ, ಕಾಣದಿದ್ದರೂ ನಷ್ಟವಿಲ್ಲದ್ದು ಇರಲಿ.

ಕಾರಿಡಾರಿನ ಪರದೆ ಬೇರೆಯೇ ಪ್ರಾಣಿ. ಅದು ಕಾರಿಡಾರಿನ ಕೊನೆಯ ಗೋಡೆಯಲ್ಲಿ ಎದುರಿಗೆ ಇದ್ದರೆ ಅದೃಷ್ಟ, ದೂರದಿಂದಲೇ ಕಾಣುತ್ತದೆ. ಪಕ್ಕದ ಗೋಡೆಯಲ್ಲಿದ್ದರೆ ಲೆಕ್ಕ ಮಾಡಿ ನೋಡಿ. ಗೋಡೆಯಿಂದ ಒಂದೂವರೆ ಮೀಟರ್ ದೂರದಲ್ಲಿ ಒಬ್ಬರು ನಡೆದು ಬರುತ್ತಿದ್ದಾರೆ. ದೂರದಲ್ಲಿರುವಾಗ ಪರದೆ ಅವರಿಗೆ ಬರೀ ಒಂದು ಅಂಚು. ಅವರು ಅದರಿಂದ 2.6 ಮೀಟರ್ ಹಿಂದಿರುವಾಗ 60 ಡಿಗ್ರಿ ಓರೆಯಿಂದ ನೋಡುತ್ತಾರೆ, ಆಗಲೂ ಅಗಲ ಅರ್ಧವಾಗಿಯೇ ಕಾಣುತ್ತದೆ. ಓದಲು ಸಾಧ್ಯವಾಗುವುದು ಅಲ್ಲಿಂದ ಮುಂದೆ. ಸೆಕೆಂಡಿಗೆ 1.2 ಮೀಟರ್ ನಡಿಗೆಯಲ್ಲಿ ಪರದೆ ದಾಟಲು ಎರಡು ಸೆಕೆಂಡ್ ಸಾಕು. ಎರಡು ಸೆಕೆಂಡಿನಲ್ಲಿ ಎಂಟು ಸಾಲು ಯಾರೂ ಓದುವುದಿಲ್ಲ. ಇಲ್ಲಿಗೆ ‘ಲ್ಯಾಬ್’, ಬಾಣ, ‘12’, ಇಷ್ಟು ಸಾಕು. ಓರೆಯಲ್ಲಿ ಅಕ್ಷರ ಇಕ್ಕಟ್ಟಾಗುವುದರಿಂದ ಪರದೆಯ ಅಗಲ ಪೂರ್ತಿ ತುಂಬುವಷ್ಟು ದೊಡ್ಡದು ಮಾಡಿ, ತೀರಾ ದಪ್ಪ ಫಾಂಟ್ ಬೇಡ, ‘ಬ’ದ ಹೊಟ್ಟೆ ಮುಚ್ಚಿಹೋಗುತ್ತದೆ.

ಅಲ್ಲಿ ಸ್ಲೈಡುಗಳನ್ನು ಬದಲಿಸುತ್ತಲೂ ಇರಬೇಡಿ. ಹತ್ತು ಸೆಕೆಂಡಿನ ಮೂರು ಸ್ಲೈಡ್ ಸುತ್ತುತ್ತಿದ್ದರೆ ದಾರಿ ಹುಡುಕುವವರಲ್ಲಿ ಹೆಚ್ಚಿನವರಿಗೆ ಬಾಣ ಸಿಗುವುದಿಲ್ಲ, ಹುಟ್ಟುಹಬ್ಬದ ಶುಭಾಶಯ ಸಿಗುತ್ತದೆ. ಬದಲಿಸಲೇಬೇಕೆಂದರೆ ಪ್ರತಿ ಸ್ಲೈಡಿನ ಮೇಲ್ಭಾಗದಲ್ಲೂ ಬಾಣ ಇರಲಿ. ಹಾಗೆ ಒಂದೇ ಜಾಗದಲ್ಲಿ ಒಂದೇ ಆಕಾರ ದಿನವಿಡೀ ನಿಂತರೆ ಪರದೆಯಲ್ಲಿ ಅದರ ನೆರಳು ಉಳಿಯುವ ಸಾಧ್ಯತೆ ಇದೆ, ಅದಕ್ಕೆ ಹಿನ್ನೆಲೆಯ ಬಣ್ಣ ಬದಲಾಗುವ ಎರಡು ಪ್ರತಿ ಮಾಡಿ, ರಾತ್ರಿ ಪರದೆ ಆರಿಸಿ.

ಒಂದು ಕಾಲೇಜಿಗೆ ನಾನು ಮಾಡಿಕೊಟ್ಟ ಬಾಣದ ಸ್ಲೈಡನ್ನೇ ಅವರು ಎದುರು ಗೋಡೆಯ ಪರದೆಗೂ ಹಾಕಿಬಿಟ್ಟಿದ್ದರು. ಒಂದು ಗೋಡೆ ಕಚೇರಿ ಎಡಕ್ಕೆ ಎನ್ನುತ್ತಿತ್ತು, ಇನ್ನೊಂದು ಗೋಡೆ ಅದೇ ಬಾಣದಿಂದ ಜನರನ್ನು ಶೌಚಾಲಯದ ಕಡೆ ಕಳಿಸುತ್ತಿತ್ತು. ತಪ್ಪು ನನ್ನದೇ, ಫೈಲಿನ ಹೆಸರಿನಲ್ಲಿ ಯಾವ ಗೋಡೆ ಎಂದು ಬರೆದಿರಲಿಲ್ಲ.

ಕಡೆಗೆ ಫೈಲನ್ನು ಪರದೆಗೆ ಮುಟ್ಟಿಸುವುದು. ಆಫೀಸಿನ ಕಂಪ್ಯೂಟರಿನಲ್ಲಿ ಚೆನ್ನಾಗಿದ್ದ ಕನ್ನಡ ಅಲ್ಲಿ ಚೌಕಗಳಾಗಿ ಬಂದರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಯಾರೋ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಎರಡಕ್ಕೂ ಸುಲಭದ ಮದ್ದು, ಸ್ಲೈಡುಗಳನ್ನು `PNG` ಚಿತ್ರವಾಗಿ ಉಳಿಸಿ ಅದನ್ನೇ ಹಾಕುವುದು. ಉಳಿಸಿದ ಚಿತ್ರದ `Properties` ತೆರೆದು 1080 x 1920 ಇದೆಯೇ ನೋಡಿ.

ಪರದೆಯ ಹಿಂದೆ ವಿಂಡೋಸ್ ಡಬ್ಬಿ ಇದ್ದರೆ `Settings > System > Display > Display orientation` ನಲ್ಲಿ `Portrait` ಆರಿಸಿ, ಚಿತ್ರ ತಲೆಕೆಳಗಾಗಿ ಬಂದರೆ `Portrait (flipped)`. ಪೆನ್‌ಡ್ರೈವ್ ಚುಚ್ಚಿ ಓಡಿಸುವ ಮಾಮೂಲಿ ಟಿವಿಯಾದರೆ ಅದಕ್ಕೆ ತಾನು ನಿಂತಿದ್ದೇನೆಂದು ಗೊತ್ತೇ ಇರುವುದಿಲ್ಲ, ಚಿತ್ರ ಮಲಗಿಯೇ ಬರುತ್ತದೆ. ಆಗ ಚಿತ್ರವನ್ನೇ ತಿರುಗಿಸಿ ಉಳಿಸಬೇಕು. ಟಿವಿಯ ತಲೆ ನಿಮ್ಮ ಬಲಕ್ಕೆ ಬರುವಂತೆ ಹಾಕಿದ್ದರೆ ಚಿತ್ರವನ್ನು ಎಡಕ್ಕೆ 90 ಡಿಗ್ರಿ, ಎಡಕ್ಕೆ ಬಂದಿದ್ದರೆ ಬಲಕ್ಕೆ. ಮನೆಯ ಟಿವಿಯನ್ನೇ ನಿಲ್ಲಿಸಿದ್ದರೆ ಅದರ ಕೈಪಿಡಿಯನ್ನೊಮ್ಮೆ ನೋಡಿ. ಬಿಸಿಗಾಳಿ ಹೊರಹೋಗುವ ಕಿಂಡಿಗಳು ಅಡ್ಡಕ್ಕೆಂದು ಮಾಡಿದ್ದಿರಬಹುದು, ನಿಲ್ಲಿಸಲು ಅನುಮತಿ ಇಲ್ಲದಿದ್ದರೆ ವಾರಂಟಿಯ ಮಾತೂ ಎತ್ತುವಂತಿಲ್ಲ.

ಎಲ್ಲ ಸ್ಲೈಡ್ ಮಾಡಿ ಮುಗಿಸುವ ಮೊದಲು ಶುಗರ್ ಟೆಸ್ಟಿನ ಆ ಒಂದನ್ನು ಹಾಕಿ, ಕೊನೇ ಸಾಲಿನ ಕುರ್ಚಿಯಲ್ಲಿ ಕನ್ನಡಕ ಹಾಕುವ ಹಿರಿಯರೊಬ್ಬರನ್ನು ಕೂರಿಸಿ ಓದಿಸಿ. ಅವರು ಕುತ್ತಿಗೆ ಮುಂದೆ ಚಾಚಿದರೆ ಚೌಕವನ್ನು 2.2ರಿಂದ 2.6ಕ್ಕೆ ಏರಿಸಿ, ಮತ್ತೆ ‘ನೀರು ಕುಡಿಯಬಹುದು’ ಒಂದೇ ಸಾಲಿನಲ್ಲಿ ಕೂರುತ್ತದೆಯೇ ನೋಡಿ. ಕೂರದಿದ್ದರೆ ‘ನೀರು ಓಕೆ’ ಎಂದು ಬರೆಯಲು ನನಗಂತೂ ನಾಚಿಕೆಯಿಲ್ಲ.