ಕೈಯಲ್ಲಿ ಮೂರು ಆಫರ್ ಇರುವವರಿಗೆ ನಮ್ಮ ಕೆಲಸದ ಕಷ್ಟ ಹೇಳಬೇಕಾ?

ಪ್ರಶ್ನೆ: ನಮ್ಮ ಟೀಮಿಗೆ ಒಬ್ಬರು ಒಳ್ಳೆ ಬ್ಯಾಕೆಂಡ್ ಇಂಜಿನಿಯರ್ ಸಿಕ್ಕಿದ್ದಾರೆ. ಅವರ ಕೈಯಲ್ಲಿ ಇನ್ನೂ ಎರಡು ಆಫರ್ ಇವೆ. ನಮ್ಮಲ್ಲಿ ರಾತ್ರಿ ಆನ್-ಕಾಲ್ ಇದೆ. ಈಗಲೇ ಹೇಳಿದರೆ ಬೇರೆ ಕಡೆ ಹೋಗಿಬಿಡುತ್ತಾರೆ. ಸೇರಿದ ಮೇಲೆ ಹೇಳಿದರೆ ಆಗಲ್ವಾ?

ಆಗಲ್ಲ. ಆಫರ್ ಲೆಟರ್ ಕಳಿಸುವ ಮೊದಲೇ ಹೇಳಿ. ಇದನ್ನು ಎಷ್ಟು ಸಲ ಬರೆದರೂ ಪ್ರಶ್ನೆ ಮತ್ತೆ ಬರುತ್ತಲೇ ಇದೆ. ಸಹಿ ಬಿತ್ತು ಅಂದರೆ ಆ ವ್ಯಕ್ತಿ ನಮ್ಮವರಾದರು ಅನ್ನುವ ನಂಬಿಕೆ ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿದೆ.

ಬೆಂಗಳೂರಿನ ಐಟಿಯಲ್ಲಿ ಸಹಿಗೂ ಸೇರುವುದಕ್ಕೂ ನಡುವೆ ನೋಟಿಸ್ ಪೀರಿಯಡ್ ಇರುತ್ತದೆ. ಎಷ್ಟೋ ಕಂಪನಿಗಳಲ್ಲಿ ಅದು 90 ದಿನ. ಅಷ್ಟೂ ದಿನ ಉಳಿದ ಎರಡು ಕಂಪನಿಯವರು ಫೋನ್ ಮಾಡುತ್ತಲೇ ಇರುತ್ತಾರೆ. ಈಗಿನ ಮ್ಯಾನೇಜರ್ ಸಂಬಳ ಏರಿಸುತ್ತೇನೆ, ಇಲ್ಲೇ ಇರಿ ಅನ್ನುತ್ತಾರೆ. ಇದರ ನಡುವೆ ನಿಮ್ಮ ಟೀಮಿನಲ್ಲಿ ಅವರ ಕಾಲೇಜಿನವರು ಯಾರೋ ಒಬ್ಬರು ಸಿಕ್ಕೇ ಸಿಗುತ್ತಾರೆ. "ಅಲ್ಲಿ ಹೇಗಿದೆ?" "ಕೆಲಸ ಚೆನ್ನಾಗಿದೆ, ಆದರೆ ಆನ್-ಕಾಲ್ ವಾರ ನಿದ್ದೆ ಇರಲ್ಲ." ಇಷ್ಟೇ ಸಾಕು. ಈಗ ಅವರ ತಲೆ ಕೊರೆಯುವುದು ಆನ್-ಕಾಲ್ ಅಲ್ಲ, ನೀವು ಅದನ್ನು ಮುಚ್ಚಿಟ್ಟಿದ್ದು. ಇನ್ನೇನೇನು ಮುಚ್ಚಿಟ್ಟಿದ್ದಾರೋ ಅಂತ ಯೋಚನೆ ಶುರುವಾಗುತ್ತದೆ.

ಹೀಗಾದಾಗ ಅವರು ನಿಮಗೆ ಹೇಳುವುದೂ ಇಲ್ಲ. ರಾಜೀನಾಮೆ ಒಪ್ಪಿಕೊಂಡ ಮೇಲ್ ತೋರಿಸಿ ಅಂದರೆ ನಾಳೆ ಅನ್ನುತ್ತಾರೆ. ಸೇರುವ ದಿನ ಒಂದು ವಾರ ಮುಂದೆ ಹೋಗುತ್ತದೆ. ಆಮೇಲೆ ಫೋನ್ ಎತ್ತುವುದಿಲ್ಲ. ಕೊನೆಗೆ ಸೋಮವಾರ ಬೆಳಗ್ಗೆ ಲ್ಯಾಪ್‌ಟಾಪ್ ಸಿದ್ಧವಿರುತ್ತದೆ, ಜನ ಬರುವುದಿಲ್ಲ. ಎರಡನೇ ಸ್ಥಾನದಲ್ಲಿದ್ದವರಿಗೆ ನೀವು ಮೂರು ತಿಂಗಳ ಹಿಂದೆಯೇ ಬೇಡ ಅಂದಾಗಿದೆ. ಹೊಸಬರನ್ನು ಹುಡುಕಿದರೆ ಅವರಿಗೂ 90 ದಿನ. ಇನ್ನು, ಸೇರಿದ ಮೇಲೆ ಗೊತ್ತಾದರೂ ಕಥೆ ಬೇರೆಯಲ್ಲ. ಪ್ರೊಬೇಷನ್‌ನಲ್ಲಿ ನೋಟಿಸ್ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಮೊದಲ ಆನ್-ಕಾಲ್ ವಾರ ಮುಗಿಸಿ ಹೊರಟುಬಿಡುತ್ತಾರೆ.

ಹಾಗಂತ "ಸ್ವಲ್ಪ ಆನ್-ಕಾಲ್ ಇರುತ್ತೆ" ಅಂದುಬಿಟ್ಟರೆ ಹೇಳಿದ ಹಾಗಾಗುವುದಿಲ್ಲ. ರೋಸ್ಟರ್ ತೆರೆದು ತೋರಿಸಿ. ನಿಮ್ಮ ಪರಿಸ್ಥಿತಿ ಹೀಗಿದೆ ಅಂದುಕೊಳ್ಳಿ: "ನಾವು ಐದು ಜನ ಇದ್ದೀವಿ, ನೀವು ಬಂದರೆ ಆರು ವಾರಕ್ಕೊಮ್ಮೆ ಸರದಿ. ಕಳೆದ ತಿಂಗಳು ರಾತ್ರಿ 11ರ ನಂತರ ಆರು ಸಲ ಅಲರ್ಟ್ ಬಂತು. ಅದರಲ್ಲಿ ನಾಲ್ಕು ಒಂದೇ ಹಳೆಯ ಪೇಮೆಂಟ್ ಜಾಬ್‌ನಿಂದ. ಅದನ್ನು ಹೊಸದಾಗಿ ಬರೆಯುವುದೇ ನಿಮ್ಮ ಮೊದಲ ಕೆಲಸ. ರಾತ್ರಿ ಎದ್ದವರು ಮರುದಿನ ಮಧ್ಯಾಹ್ನ ಲಾಗಿನ್ ಆದರೆ ಸಾಕು." ಒಳ್ಳೆ ಇಂಜಿನಿಯರ್ ಇದನ್ನು ಕೇಳಿ ಓಡಿಹೋಗುವುದಿಲ್ಲ. ಆ ಜಾಬ್ ಯಾಕೆ ಬೀಳುತ್ತೆ ಅಂತ ಕೇಳುತ್ತಾರೆ. ಆ ಪ್ರಶ್ನೆ ಬಂದರೆ ಮಾತು ಸರಿದಾರಿಯಲ್ಲಿದೆ ಅಂತಲೇ ಅರ್ಥ. ಆದರೆ ಒಂದು ಎಚ್ಚರಿಕೆ: ಆ ಕೆಲಸಕ್ಕೆ ನಿಮ್ಮ ಮೇಲಿನವರ ಒಪ್ಪಿಗೆ ಇಲ್ಲದಿದ್ದರೆ ಅದನ್ನು ಮಾತಿನಲ್ಲೂ ಕೊಡಬೇಡಿ.

ಆಮೇಲೆ ರೋಸ್ಟರ್‌ನಲ್ಲಿರುವ ಒಬ್ಬರ ಜೊತೆ ಅರ್ಧ ಗಂಟೆ ಮಾತಾಡಲು ಬಿಡಿ. ನೀವೂ ಬೇಡ, ಎಚ್‌ಆರ್ ಕೂಡ ಬೇಡ. ಕೆಲವರು ಇಷ್ಟಾದ ಮೇಲೆ ಮನೆಯಲ್ಲಿ ಸಣ್ಣ ಮಗು ಇದೆ, ಆಗಲ್ಲ ಅನ್ನುತ್ತಾರೆ. ಅದು ಇದೇ ವಾರ ಗೊತ್ತಾಗಲಿ. ಎರಡನೇ ಅಭ್ಯರ್ಥಿ ಇನ್ನೂ ಸಿಗುತ್ತಾರೆ.

ನೀವು ಸಂಬಳದ ಬಗ್ಗೆ ಕೇಳಿಲ್ಲ. ಆದರೆ ಮುಚ್ಚಿಡುವ ಚಾಳಿ ಅಲ್ಲೇ ಜಾಸ್ತಿ, ಅದಕ್ಕೆ ಹೇಳುತ್ತೇನೆ. ಅವರ ಇನ್ನೊಂದು ಆಫರ್ 36 ಲಕ್ಷ, ನಿಮ್ಮದು 32 ಅಂದುಕೊಳ್ಳಿ. ಬಿಡಿಸಿ ನೋಡಿದಾಗ ಅಲ್ಲಿ ಫಿಕ್ಸೆಡ್ 28, ವೇರಿಯಬಲ್ 4, ಜಾಯಿನಿಂಗ್ ಬೋನಸ್ 3, ಗ್ರಾಚ್ಯುಟಿ ಮತ್ತು ವಿಮೆ 1. ನಿಮ್ಮಲ್ಲಿ ಫಿಕ್ಸೆಡ್ 29.5, ವೇರಿಯಬಲ್ 1.5, ಗ್ರಾಚ್ಯುಟಿ ಮತ್ತು ವಿಮೆ 1. ಇಲ್ಲಿ "ನಮ್ಮ ಫಿಕ್ಸೆಡ್ ಒಂದೂವರೆ ಲಕ್ಷ ಜಾಸ್ತಿ" ಅಂತ ಹೇಳಿ ಸುಮ್ಮನಾಗುವುದೂ ಅರ್ಧ ಸತ್ಯವೇ. ಬೋನಸ್ ಮೊದಲ ವರ್ಷಕ್ಕೆ ಮಾತ್ರ, ಬೇಗ ಬಿಟ್ಟರೆ ಸಾಮಾನ್ಯವಾಗಿ ವಾಪಸ್ ಕಟ್ಟಬೇಕು, ನಿಜ. ಆದರೆ ವೇರಿಯಬಲ್ ಪೂರ್ತಿ ಸಿಕ್ಕರೆ ಎರಡನೇ ವರ್ಷವೂ ಆ ಕಂಪನಿಯದೇ ಒಂದು ಲಕ್ಷ ಜಾಸ್ತಿ. ಇದನ್ನು ನೀವೇ ಬಾಯಿಬಿಟ್ಟು ಹೇಳಿ. ಕಳೆದ ಎರಡು ವರ್ಷ ನಿಮ್ಮ ಟೀಮಿಗೆ ವೇರಿಯಬಲ್ ಶೇಕಡಾ ಎಷ್ಟು ಬಂತು ಅಂತ ತಿಳಿಸಿ, ಅದೇ ಪ್ರಶ್ನೆಯನ್ನು ಆ ಕಂಪನಿಗೂ ಕೇಳಿ ನೋಡಿ ಅಂತ ಅವರಿಗೆ ಹೇಳಿ.