ಬಿಸಿಯಾಗುವ ತಂತಿಗೆ ಶಕ್ತಿ ಬರುವುದು ಯಾವ ದಾರಿಯಲ್ಲಿ?

ಪ್ರಶ್ನೆ: ವಿದ್ಯುತ್ ಪ್ರವಾಹ ತಂತಿಯ ಉದ್ದಕ್ಕೂ ಹರಿಯುತ್ತದೆ. ಆದರೆ ಪಾಯಿಂಟಿಂಗ್ ಸದಿಶದ ಲೆಕ್ಕ ಮಾಡಿದರೆ ಶಕ್ತಿ ತಂತಿಯ ಪಕ್ಕಗಳಿಂದ ಒಳಗೆ ಬರುತ್ತದೆ ಎಂಬ ಉತ್ತರ ಸಿಗುತ್ತದೆ. ಇದು ನಿಜವೇ, ಅಥವಾ ಬರೀ ಗಣಿತವೇ? ತಂತಿಗೆ ಹೊದಿಕೆ ಸುತ್ತಿದರೆ ಏನಾಗುತ್ತದೆ?

ಉತ್ತರ: ಜಾನ್ ಹೆನ್ರಿ ಪಾಯಿಂಟಿಂಗ್ 1884ರಲ್ಲಿ ಈ ಸದಿಶವನ್ನು ಮಂಡಿಸಿದಾಗ ಪ್ರವಾಹ ಹರಿಯುವ ತಂತಿಗೂ ಅದನ್ನು ಅನ್ವಯಿಸಿ ತೋರಿಸಿದ್ದರು. ಒಂದು ಚದರ ಮೀಟರ್ ಮೂಲಕ ಒಂದು ಸೆಕೆಂಡಿಗೆ ದಾಟುವ ಶಕ್ತಿ S = E × H. ಇಲ್ಲಿ E ವಿದ್ಯುತ್ ಕ್ಷೇತ್ರ, H ಕಾಂತಕ್ಷೇತ್ರ. ಒಂದು ನೈಕ್ರೋಮ್ ತಂತಿಯನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ.

ತಂತಿಯ ಉದ್ದ 1 ಮೀಟರ್, ವ್ಯಾಸ 0.5 ಮಿ.ಮೀ., ಅಂದರೆ ತ್ರಿಜ್ಯ 0.25 ಮಿ.ಮೀ. ಇದರ ರೋಧ ಸುಮಾರು 5.6 ಓಮ್. 2 ಆಂಪಿಯರ್ ಹರಿಸಿದರೆ ತುದಿಗಳ ನಡುವೆ 11.2 ವೋಲ್ಟ್ ಬೇಕು, 22.4 ವಾಟ್ ಶಾಖವಾಗುತ್ತದೆ. ಈಗ ಇದೇ 22.4 ವಾಟ್ ಕ್ಷೇತ್ರಗಳಿಂದ ಬರುತ್ತದೆಯೇ ನೋಡೋಣ.

ತಂತಿಯೊಳಗೆ E ಉದ್ದಕ್ಕೂ ಒಂದೇ ಸಮ: ಮೀಟರಿಗೆ 11.2 ವೋಲ್ಟ್, ದಿಕ್ಕು ಪ್ರವಾಹದ್ದೇ. ಪ್ರವಾಹ I, ತ್ರಿಜ್ಯ a, ಉದ್ದ L ಎಂದುಕೊಂಡರೆ ಮೇಲ್ಮೈಯಲ್ಲಿ H = I/(2πa), ಅಂದರೆ ಮೀಟರಿಗೆ ಸುಮಾರು 1273 ಆಂಪಿಯರ್; ಇದು ತಂತಿಯನ್ನು ಬಳಸಿ ಸುತ್ತುತ್ತದೆ. ಬಲಗೈಯ ಬೆರಳುಗಳನ್ನು E ಕಡೆಯಿಂದ H ಕಡೆಗೆ ಮಡಚಿದರೆ ಹೆಬ್ಬೆರಳು ತಂತಿಯ ನಡುವಿನತ್ತ ತೋರುತ್ತದೆ. S ಬೆಲೆ 11.2 × 1273, ಅಂದರೆ ಚದರ ಮೀಟರಿಗೆ ಸುಮಾರು 14,260 ವಾಟ್. ತಂತಿಯ ಪಕ್ಕದ ಮೇಲ್ಮೈ 2πaL, ಅಂದರೆ 0.00157 ಚದರ ಮೀಟರ್. ಇವೆರಡನ್ನೂ ಗುಣಿಸಿದರೆ 22.4 ವಾಟ್. ತಂತಿಯ ಎರಡು ತುದಿಗಳಿಂದ ಬರುವುದು ಸೊನ್ನೆ, ಏಕೆಂದರೆ ತಂತಿಯೊಳಗೆ S ಉದ್ದದ ದಿಕ್ಕಿನಲ್ಲಿ ಇಲ್ಲವೇ ಇಲ್ಲ.

ಒಳಗೆ ಹೋದಂತೆಲ್ಲ ಏನಾಗುತ್ತದೆ ಎಂಬುದು ಇನ್ನೂ ಚೆನ್ನಾಗಿದೆ. ಅರ್ಧ ತ್ರಿಜ್ಯದಲ್ಲಿ ಒಂದು ಸಿಲಿಂಡರ್ ಕಲ್ಪಿಸಿಕೊಳ್ಳಿ. ಅಲ್ಲಿ H ಅರ್ಧ, ಮೇಲ್ಮೈಯೂ ಅರ್ಧ. ಹಾಗಾಗಿ ಒಳಗೆ ದಾಟುವುದು ಕಾಲುಭಾಗ, 5.6 ವಾಟ್. ಆ ಸಿಲಿಂಡರಿನ ಗಾತ್ರವೂ ಇಡೀ ತಂತಿಯ ಕಾಲುಭಾಗವೇ, ಅಲ್ಲಿ ಹುಟ್ಟುವ ಶಾಖವೂ 5.6 ವಾಟ್. ಶಕ್ತಿ ಒಳಗೆ ಸಾಗುತ್ತಾ ದಾರಿಯುದ್ದಕ್ಕೂ ಶಾಖವಾಗಿ ಕರಗುತ್ತದೆ, ನಡುಗೆರೆಯನ್ನು ಮುಟ್ಟುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಹಾಗಾದರೆ ಅದು ಪಕ್ಕಕ್ಕೆ ಬಂದಿದ್ದು ಎಲ್ಲಿಂದ? ಇಲ್ಲಿ ಅನೇಕರು ಎಡವುತ್ತಾರೆ. ತಂತಿಯ ಹೊರಗೆ E ಬರೀ ಉದ್ದಕ್ಕೆ ಇದೆ ಎಂದುಕೊಂಡರೆ ಶಕ್ತಿ ದೂರದ ಆಕಾಶದಿಂದ ನೇರ ಸುರಿದಂತೆ ಕಾಣುತ್ತದೆ. ನಿಜಕ್ಕೂ ವಿದ್ಯುತ್ ಮಂಡಲದ ತಂತಿಗಳ ಮೇಲ್ಮೈಯಲ್ಲಿ ಸ್ವಲ್ಪ ವಿದ್ಯುದಾವೇಶ ಕೂತಿರುತ್ತದೆ: ಬ್ಯಾಟರಿಯ ಪ್ಲಸ್ ಕಡೆಯ ತಂತಿಯಲ್ಲಿ ಧನ, ಮೈನಸ್ ಕಡೆಯದರಲ್ಲಿ ಋಣ. ಇದರಿಂದ ಹೊರಗೆ ತಂತಿಗೆ ಲಂಬವಾದ ಇನ್ನೊಂದು E ಹುಟ್ಟುತ್ತದೆ. ಆ E ಮತ್ತು H ಸೇರಿ ತಂತಿಗೆ ಸಮಾಂತರವಾಗಿ ಶಕ್ತಿ ಸಾಗಿಸುತ್ತವೆ. ಪ್ಲಸ್ ತಂತಿಯ ಪಕ್ಕದಲ್ಲಿ ಅದು ಪ್ರವಾಹದ ದಿಕ್ಕಿನಲ್ಲೇ ಸಾಗುತ್ತದೆ. ಮರಳುವ ತಂತಿಯಲ್ಲಿ ಪ್ರವಾಹ ಬ್ಯಾಟರಿಯತ್ತ ಹೋಗುತ್ತಿರುತ್ತದೆ, ಆದರೆ ಆವೇಶ ಋಣವಾದ್ದರಿಂದ ಶಕ್ತಿ ಪ್ರವಾಹಕ್ಕೆ ಎದುರಾಗಿ ನೈಕ್ರೋಮಿನತ್ತಲೇ ಹೋಗುತ್ತದೆ! ಶಕ್ತಿ ಪ್ರವಾಹದ ಬೆನ್ನೇರಿ ಹೋಗುತ್ತದೆ ಎಂಬ ಕಲ್ಪನೆ ಈ ಮರಳುವ ತಂತಿಯ ಮುಂದೆ ನಿಲ್ಲುವುದಿಲ್ಲ. ಬ್ಯಾಟರಿಯೊಳಗೆ ಪ್ರವಾಹ E-ಗೆ ವಿರುದ್ಧವಾಗಿ ಹರಿಯುವುದರಿಂದ ಅಲ್ಲಿ S ಹೊರಮುಖವಾಗಿರುತ್ತದೆ.

ಜೋಡಿಸುವ ತಾಮ್ರದ ತಂತಿಗೂ ಪಕ್ಕದಿಂದ ಶಕ್ತಿ ನುಗ್ಗುತ್ತದೆ, ಆದರೆ ತೀರಾ ಕಡಿಮೆ. 1 ಚದರ ಮಿ.ಮೀ. ಅಡ್ಡಕೊಯ್ತದ ತಾಮ್ರದಲ್ಲಿ 2 ಆಂಪಿಯರ್ ಹರಿದರೆ ಉದ್ದದ E ಮೀಟರಿಗೆ 0.034 ವೋಲ್ಟ್ ಮಾತ್ರ, ಅಂದರೆ ಮೀಟರಿಗೆ 0.07 ವಾಟ್ ಅಷ್ಟೇ ಒಳಗೆ ಹೋಗುತ್ತದೆ. ಮಿಕ್ಕಿದ್ದು ಪಕ್ಕದಲ್ಲೇ ಸಾಗಿ ನೈಕ್ರೋಮ್ ಮುಟ್ಟುತ್ತದೆ.

ಹೊದಿಕೆ ಇದನ್ನು ತಡೆಯುವುದಿಲ್ಲ. ಅವಾಹಕ ತಡೆಯುವುದು ಆವೇಶಗಳ ಹರಿವನ್ನು. ಎರಡೂ ಕ್ಷೇತ್ರಗಳು ಅದರ ಮೂಲಕ ಹಾಯುತ್ತವೆ. ಇಸ್ತ್ರಿ ಪೆಟ್ಟಿಗೆಯ ಅಭ್ರಕದ ಹಾಳೆಗಳ ನಡುವಿನ ಎಲಿಮೆಂಟ್ ಹೀಗೆಯೇ ಕಾಯುತ್ತದೆ. ಅಲ್ಲಿ ಪ್ರವಾಹ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸಿದರೂ E ಮತ್ತು H ಎರಡೂ ಒಟ್ಟಿಗೆ ತಿರುಗುವುದರಿಂದ ಎಲಿಮೆಂಟಿನ ಮೇಲ್ಮೈಯಲ್ಲಿ S ಒಳಮುಖವಾಗಿಯೇ ಉಳಿಯುತ್ತದೆ.

ನಿಜವೇ, ಗಣಿತವೇ ಎಂಬ ಪ್ರಶ್ನೆಗೆ ಒಂದು ಮಿತಿ ಹೇಳಲೇಬೇಕು. ಅಳೆದು ತಾಳೆ ನೋಡಬಹುದಾದದ್ದು ಮುಚ್ಚಿದ ಮೇಲ್ಮೈಯೊಂದರ ಮೂಲಕ ಬರುವ ಒಟ್ಟು ಶಕ್ತಿಯನ್ನು. ಆ ಒಟ್ಟು ಮೊತ್ತ ಬದಲಾಗದಂತೆ S-ಗೆ ಬೇರೆ ಸದಿಶವನ್ನು ಕೂಡಿಸಲು ಗಣಿತದಲ್ಲಿ ಅವಕಾಶವಿದೆ. ಹಾಗಾಗಿ ಸ್ಥಿರ ಪ್ರವಾಹದಲ್ಲಿ ಒಂದೊಂದು ಬಿಂದುವಿನಲ್ಲೂ ಶಕ್ತಿ ಇದೇ ದಾರಿ ಹಿಡಿಯಿತು ಎಂದು ಈ ಲೆಕ್ಕವೊಂದೇ ಸಾಬೀತು ಮಾಡುವುದಿಲ್ಲ. ಆದರೆ E × H ಎಂಬ ರೂಪವನ್ನು ಒಪ್ಪಿದ ಮೇಲೆ ನೈಕ್ರೋಮಿನ 22.4 ವಾಟ್ ಪಕ್ಕದಿಂದಲ್ಲದೆ ಬೇರೆಲ್ಲಿಂದಲೂ ಬರುವುದಿಲ್ಲ.