ತುಪ್ಪದ ಹದ ತಳದ ಗಸಿಯಲ್ಲಿದೆ

ಪ್ರಶ್ನೆ: ಮನೆಯಲ್ಲೇ ಎಮ್ಮೆ ಬೆಣ್ಣೆ ಕಾಯಿಸುತ್ತೇವೆ. ಬೇಗ ಇಳಿಸಿದರೆ ಹಸಿ ವಾಸನೆ, ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟರೆ ಸೀದು ಕಹಿ. ಎಷ್ಟು ಕೆಂಪಾದಾಗ ಇಳಿಸಬೇಕು? ತಳದಲ್ಲಿ ಉಳಿಯುವ ಗಸಿಯನ್ನು ಚೆಲ್ಲುವುದೋ, ಅದರಿಂದ ಏನಾದರೂ ಮಾಡಬಹುದೋ?
– ಸಿಂಧನೂರಿನ ಓದುಗರೊಬ್ಬರು

ಮೊದಲಿಗೆ, ತುಪ್ಪದ ಬಣ್ಣ ನೋಡಿ ಹದ ಹೇಳಬೇಡಿ. ಹಸುವಿನ ಬೆಣ್ಣೆಯಲ್ಲಿ ಹಳದಿ ಬಣ್ಣ ಮೊದಲೇ ಇರುತ್ತದೆ. ಎಮ್ಮೆ ಬೆಣ್ಣೆ ಬೆಳ್ಳಗೇ ಇರುತ್ತದೆ, ಅದರ ತುಪ್ಪವೂ ತಣ್ಣಗಾದಾಗ ಬಿಳಿಯೇ. ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಬರುವ ಬೆಣ್ಣೆ ಹೆಚ್ಚಾಗಿ ಎಮ್ಮೆಯದೇ. ಅದು ಹಳದಿಯಾಗಲಿ ಅಂತ ಕಾಯುತ್ತಾ ಕೂತರೆ ಸೀಯುವುದೇ ಸರಿ. ಬಣ್ಣ ನೋಡಬೇಕಾದದ್ದು ತಳದ ಗಸಿಯಲ್ಲಿ. ಅದು ಗೋಧಿ ಬಣ್ಣಕ್ಕೆ ಬಂದ ಕೂಡಲೇ ಒಲೆ ಆರಿಸಿ. ಅದಕ್ಕಿಂತ ಕೆಂಪಾಗಲಿ ಅಂತ ಬಿಡಬೇಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಗಸಿ ಅಂದರೆ ಬೆಣ್ಣೆಗೆ ಅಂಟಿಕೊಂಡು ಬಂದ ಮಜ್ಜಿಗೆಯ ಅಂಶ. ಅದರಲ್ಲಿರುವ ಹಾಲಿನ ಪ್ರೋಟೀನ್ ಮತ್ತು ಸಕ್ಕರೆ ಅಂಶ ಬಿಸಿಗೆ ಕೂಡಿ ಕೆಂಪಾಗುತ್ತವೆ. ತುಪ್ಪದ ಘಮ ಹುಟ್ಟುವುದೂ ಅಲ್ಲಿಯೇ. ಆದರೆ ಬೆಣ್ಣೆಯಲ್ಲಿ ನೀರಿರುವ ತನಕ ಪಾತ್ರೆಯ ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ, ಗಸಿ ಬೆಳ್ಳಗೇ ಉಳಿಯುತ್ತದೆ. ನೀರು ಮುಗಿದ ಮೇಲೆ ಬಿಸಿ ಸರಸರ ಏರುತ್ತದೆ. 110 ದಾಟಿ 120ರ ಕಡೆ ಹೋಗುವಷ್ಟರಲ್ಲಿ ಗಸಿ ಕೆಂಪಾಗಿಬಿಡುತ್ತದೆ. ಅದಕ್ಕೇ ಅರ್ಧ ಗಂಟೆ ಏನೂ ಆಗದೆ ಇದ್ದದ್ದು, ಕೊನೆಯ ನಾಲ್ಕೈದು ನಿಮಿಷದಲ್ಲಿ ಕೈಮೀರುತ್ತದೆ. ಆ ಹೊತ್ತಿಗೆ ಸರಿಯಾಗಿ ಯಾರೋ ಬಾಗಿಲು ಬಡಿಯುತ್ತಾರೆ, ಅಲ್ವಾ?

ಒಂದು ಕಿಲೋ ಬೆಣ್ಣೆ ಇಟ್ಟುಕೊಂಡೇ ನೋಡೋಣ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಮಜ್ಜಿಗೆ ಹಿಂಡಿ ತೆಗೆಯಿರಿ. ದಪ್ಪ ತಳದ ಸ್ಟೀಲ್ ಪಾತ್ರೆ ಒಳ್ಳೆಯದು, ಗಸಿಯ ಬಣ್ಣ ಚೆನ್ನಾಗಿ ಕಾಣುತ್ತದೆ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬಾರದು, ನೊರೆ ಉಕ್ಕುತ್ತದೆ. ಕರಗಿದ ಮೇಲೆ ಮೊದಲು ದೊಡ್ಡ ದೊಡ್ಡ ಗುಳ್ಳೆ, ಬಿಳಿ ನೊರೆ, ಚಟಪಟ ಸದ್ದು. ಅದು ನೀರು ಹೋಗುವ ಸದ್ದು. ಇಲ್ಲಿ ಉರಿ ಮಧ್ಯಮ ಇದ್ದರೂ ನಡೆಯುತ್ತದೆ, ಆಗಾಗ ತಳ ಕೆರೆದು ತಿರುವಿದರೆ ಸಾಕು. ಇಪ್ಪತ್ತು ಇಪ್ಪತ್ತೈದು ನಿಮಿಷ ಹೀಗೇ ಹೋಗುತ್ತದೆ. ಬೆಣ್ಣೆಯಲ್ಲಿ ನೀರು ಜಾಸ್ತಿ ಇದ್ದರೆ ಇನ್ನೂ ಹೊತ್ತು ಹಿಡಿಯುತ್ತದೆ. ಹಾಗಾಗಿ ಗಡಿಯಾರ ನೋಡಿ ಇಳಿಸುವುದು ಬೇಡ.

ಆಮೇಲೆ ಸದ್ದು ತಗ್ಗುತ್ತದೆ. ನೊರೆ ಇಳಿದು ತುಪ್ಪ ತಿಳಿಯಾಗುತ್ತದೆ, ತಳದಲ್ಲಿ ಬಿಳಿ ಕಾಳುಗಳು ಕಾಣುತ್ತವೆ. ಇಲ್ಲಿಂದ ಉರಿ ಪೂರ್ತಿ ಸಣ್ಣ ಮಾಡಿ, ಒಲೆ ಬಿಟ್ಟು ಕದಲಬೇಡಿ. ಸ್ವಲ್ಪ ಹೊತ್ತಿಗೆ ಎರಡನೇ ನೊರೆ ಬರುತ್ತದೆ. ಇದು ಮೊದಲಿನ ಹಾಗಲ್ಲ. ಗುಳ್ಳೆ ಸಣ್ಣವು, ಒತ್ತೊತ್ತಾಗಿ, ಸದ್ದೇ ಇಲ್ಲದೆ ಏಳುತ್ತವೆ. ಎಷ್ಟೋ ಜನಕ್ಕೆ ಸೀಯುವುದು ಇಲ್ಲೇ. ನೊರೆ ಮೇಲೆ ಮುಚ್ಚಿಕೊಂಡಿರುತ್ತದೆ, ಕೆಳಗೆ ಗಸಿ ಕೆಂಪಾಗಿದ್ದು ಕಾಣುವುದಿಲ್ಲ.

ಸ್ಟೀಲ್ ಚಮಚದಿಂದ ತಳ ಕೆರೆದು ಸ್ವಲ್ಪ ಗಸಿ ಎತ್ತಿ. ಚಮಚ ವಾಲಿಸಿದರೆ ತುಪ್ಪ ಜಾರಿ ಹೋಗಿ ಕಾಳುಗಳಷ್ಟೇ ಉಳಿಯುತ್ತವೆ. ಬೆಳಕಿಗೆ ಹಿಡಿದು ನೋಡಿ. ಬಿಳಿ ಅಥವಾ ಕೆನೆ ಬಣ್ಣ ಇದ್ದರೆ ಇನ್ನೂ ಹಸಿ. ಅಂಚಿನಲ್ಲಿ ಮಾತ್ರ ಕೆಂಪಾಗಿದ್ದರೆ ಒಂದು ನಿಮಿಷದಲ್ಲಿ ಮತ್ತೆ ನೋಡಿ. ಎಲ್ಲ ಕಾಳುಗಳೂ ಗೋಧಿ ಬಣ್ಣಕ್ಕೆ ಬಂದಿದ್ದರೆ ಆರಿಸಿ. ಪಕ್ಕಾ ಮಾಡಿಕೊಳ್ಳಲು ಒಂದು ವೀಳ್ಯದೆಲೆ ಚೂರು ಅಥವಾ ಎರಡು ಎಸಳು ಕರಿಬೇವು ಹಾಕಿ. ಸದ್ದು ನಿಂತು ಎಲೆ ಗರಿಗರಿಯಾದರೆ ನೀರಿನ ಅಂಶ ಮುಗಿದಿದೆ ಅಂತ. ಕೆಲವರು ನೀರು ಚಿಮುಕಿಸಿ ನೋಡುತ್ತಾರೆ. ಕಾದ ತುಪ್ಪ ಮೈಮೇಲೆ ಸಿಡಿಯುತ್ತದೆ, ನನಗಂತೂ ಅದು ಬೇಡವೇ ಬೇಡ.

ಒಲೆ ಆರಿದರೂ ದಪ್ಪ ಪಾತ್ರೆಯ ಬಿಸಿ ಬೇಗ ಇಳಿಯುವುದಿಲ್ಲ. ಗಸಿ ಇನ್ನೂ ಒಂದು ಛಾಯೆ ಕೆಂಪಾಗುತ್ತದೆ. ಕೆಂಪು ಬಂದ ಮೇಲೆ ಆರಿಸಿದರೆ ಕಂದು ಆಗುತ್ತದೆ, ಕಂದು ಬಂದ ಮೇಲೆ ಆರಿಸಿದರೆ ಕಹಿ. ಗೋಧಿ ಬಣ್ಣಕ್ಕೇ ಆರಿಸಿ ಅಂದದ್ದು ಅದಕ್ಕೆ. ಹದವಾಗಿದ್ದರೆ ಐದು ನಿಮಿಷ ಬಿಟ್ಟು, ಒಣಗಿದ ಡಬ್ಬಿಗೆ ಸ್ಟೀಲ್ ಜರಡಿಯಲ್ಲಿ ಸೋಸಿ. ಸ್ವಲ್ಪ ಜಾಸ್ತಿ ಕೆಂಪಾಯಿತು ಅನ್ನಿಸಿದರೆ ಕಾಯಲೇಬೇಡಿ, ಕೂಡಲೇ ಬೇರೆ ಪಾತ್ರೆಗೆ ಸೋಸಿ ಗಸಿಯಿಂದ ತುಪ್ಪ ಬಿಡಿಸಿ. ಕಾಫಿಪುಡಿ ಬಣ್ಣಕ್ಕೆ ಹೋಗಿದ್ದರೆ ಆ ಕಹಿ ತುಪ್ಪಕ್ಕೂ ಇಳಿದಿರುತ್ತದೆ, ತೆಗೆಯಲು ದಾರಿಯಿಲ್ಲ.

ಹಸಿಯಾಗಿ ಇಳಿಸಿದ ತುಪ್ಪಕ್ಕೆ ಮಾತ್ರ ದಾರಿಯಿದೆ. ಕೆಲವು ದಿನಕ್ಕೆ ಹುಳಿ ವಾಸನೆ ಬಂದರೆ, ಡಬ್ಬಿಯ ತಳದಲ್ಲಿ ಮಬ್ಬು ಬಿಳಿ ಪದರ ನಿಂತರೆ ನೀರು ಉಳಿದಿತ್ತು ಅಂತ ಲೆಕ್ಕ. ಅನುಮಾನ ಬಂದ ದಿನವೇ ಮತ್ತೆ ಸಣ್ಣ ಉರಿಯಲ್ಲಿ ಕಾಯಿಸಿ. ಬೇಸಿಗೆಯಲ್ಲಿ ತುಪ್ಪ ಹೆಪ್ಪುಗಟ್ಟಲಿಲ್ಲ ಅಂತ ಹದ ತಪ್ಪಿತು ಅಂದುಕೊಳ್ಳಬೇಡಿ. ಬಳ್ಳಾರಿಯ 40 ಡಿಗ್ರಿ ಬಿಸಿಲಿಗೆ ಯಾವ ತುಪ್ಪ ಹರಳುಗಟ್ಟೀತು?

ಈಗ ಗಸಿ. ಒಂದು ಕಿಲೋ ಬೆಣ್ಣೆಗೆ ನಾಲ್ಕೈದು ಚಮಚ ಸಿಗಬಹುದು, ಬೆಣ್ಣೆ ಸರಿಯಾಗಿ ತೊಳೆಯದಿದ್ದರೆ ಇನ್ನೂ ಜಾಸ್ತಿ. ಅದರಲ್ಲಿ ಅರ್ಧದಷ್ಟು ತುಪ್ಪವೇ ಇರುತ್ತದೆ, ಚೆಲ್ಲುವುದು ಹೇಗೆ? ಮೊದಲು ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಿ. ತಾಜಾ ಬೆಣ್ಣೆಯದಾದರೆ ಖೋವಾದ ಹತ್ತಿರದ ರುಚಿ. ಹಲವು ದಿನ ಕೂಡಿಟ್ಟ ಬೆಣ್ಣೆಯದಾದರೆ ಹುಳಿ. ಉಪ್ಪು ಹಾಕಿದ ಪ್ಯಾಕೆಟ್ ಬೆಣ್ಣೆಯದಾದರೆ ಬಾಯಿಗೆ ಹಾಕಲಾಗದಷ್ಟು ಉಪ್ಪು. ಸಿಹಿಗೆ ಮೊದಲನೆಯದು ಮಾತ್ರ ಹೊಂದುತ್ತದೆ.

ಹುಳಿ ಗಸಿಯನ್ನು ಬಿಸಿ ಜೋಳದ ರೊಟ್ಟಿಯ ಮೇಲೆ ಸವರಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ. ಗರಿಗರಿ ಕರಿಬೇವು ಸಿಕ್ಕರೆ ಇನ್ನೂ ರುಚಿ. ಉಪ್ಪಿನ ಗಸಿಯನ್ನು ಚಪಾತಿ ಹಿಟ್ಟಿಗೆ ಕಲಸಿ, ಎರಡು ಕಪ್ ಹಿಟ್ಟಿಗೆ ಎರಡು ಚಮಚ. ಬೇರೆ ಉಪ್ಪು, ಎಣ್ಣೆ ಹಾಕುವ ಮುಂಚೆ ರುಚಿ ನೋಡಿಕೊಳ್ಳಿ.

ಸಿಹಿ ಗಸಿಗೆ ನನ್ನ ಮೊದಲ ಆಯ್ಕೆ ಸಜ್ಜಕ. ಗಸಿ ತೆಗೆದ ಪಾತ್ರೆಯಲ್ಲಿ ರವೆ ಹುರಿಯಲು ಹೋಗಬೇಡಿ. ತಳಕ್ಕೆ ಅಂಟಿದ್ದು ಈಗಾಗಲೇ ಕೆಂಪಾಗಿದೆ, ರವೆ ಹುರಿಯುವಷ್ಟರಲ್ಲಿ ಸೀಯುತ್ತದೆ. ಬದಲಿಗೆ ಆ ಪಾತ್ರೆಗೆ ಎರಡೂವರೆ ಕಪ್ ನೀರು ಹಾಕಿ ಕುದಿಸಿ, ಚಮಚದಿಂದ ತಳ ಕೆರೆಯಿರಿ. ಅಂಟಿದ್ದೆಲ್ಲ ಬಿಟ್ಟು ನೀರು ಮಬ್ಬಾಗುತ್ತದೆ. ಅದಕ್ಕೇ ಮುಕ್ಕಾಲು ಕಪ್ ಬೆಲ್ಲ ಕರಗಿಸಿ ಸೋಸಿಕೊಳ್ಳಿ. ಬೇರೆ ಬಾಣಲೆಯಲ್ಲಿ ಒಂದು ಕಪ್ ಸಣ್ಣ ರವೆಯನ್ನು ಎರಡು ಚಮಚ ತುಪ್ಪದಲ್ಲಿ ಹುರಿದು, ಈ ನೀರು ಹಾಕಿ ಬೇಯಿಸಿ. ಇಳಿಸುವಾಗ ಎರಡು ಮೂರು ಚಮಚ ಗಸಿ, ಏಲಕ್ಕಿ ಪುಡಿ ಹಾಕಿ ಕಲಸಿ. ಈ ದಿನ ತುಪ್ಪಕ್ಕೆ ಕರಿಬೇವು ಬೇಡ, ವೀಳ್ಯದೆಲೆಯೇ ಇರಲಿ. ಸೋಸಿದ ಮೇಲೆ ಅದನ್ನು ತೆಗೆದುಬಿಡಿ.

ನಮ್ಮ ಕಡೆಯ ಸೆಕೆಗೆ ಗಸಿ ಹೊರಗೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಅದೇ ದಿನ ಮುಗಿಸಿ, ಇಲ್ಲವೇ ಫ್ರಿಜ್‌ನಲ್ಲಿಟ್ಟು ವಾರದೊಳಗೆ ಖಾಲಿ ಮಾಡಿ. ಹಳೇ ಎಣ್ಣೆಯ ಕಮಟು ವಾಸನೆ ಬಂದರೆ, ಅಥವಾ ಕಾಯಿಸಿದ ದಿನವೇ ಕರ್ರಗಾಗಿದ್ದರೆ, ಆಗ ಚೆಲ್ಲಬಹುದು.